ಲಾವಣಿಯೋ, ಪಾಲೋ

ನಮ್ಮ ನವಲಗುಂದದ ಕಡೆ ಹೊಲ ಬೇರೆಯವರಿಗೆ ಕೊಡೋದಕ್ಕೆ ಎರಡು ದಾರಿ. ಒಂದು ಲಾವಣಿ: ಯುಗಾದಿಯಿಂದ ಯುಗಾದಿಗೆ ಎಕರೆಗೆ ಇಷ್ಟು ರೊಕ್ಕ ಅಂತ ಮಾತು. ಮಳೆ ಬರಲಿ, ಬಿಡಲಿ, ಹೊಲದ ಮಾಲೀಕನಿಗೆ ಆ ರೊಕ್ಕ ಬರಬೇಕು. ಇನ್ನೊಂದು ಪಾಲು: ಬೀಜ-ಗೊಬ್ಬರದಲ್ಲೂ ಪಾಲು, ಬಂದ ಪೀಕಿನಲ್ಲೂ ಪಾಲು. ಹೆಸರು ಒಣಗಿ ಹೋದರೆ ಇಬ್ಬರದ್ದೂ ಹೋಯಿತು, ಕಡಲೆ ಚೆನ್ನಾಗಿ ಬಂದರೆ ಇಬ್ಬರಿಗೂ ಬಂತು. ಎರಡಕ್ಕೂ ಕಾಗದ ಇರಲ್ಲ. 1974ರ ಭೂಸುಧಾರಣೆಯ ತಿದ್ದುಪಡಿ ಆದಮೇಲೆ ಗೇಣಿ ಅನ್ನೋದೇ ಕಾನೂನಿನಲ್ಲಿ ಇಲ್ಲ, ಹಾಗಾಗಿ ಎಲ್ಲಾ ಬಾಯಿಮಾತು. ನಮ್ಮ ಮನೆಯ ಕಥೆಯೂ ಐದು ವರ್ಷ ಬಾಯಿಮಾತಿನಲ್ಲೇ ನಡೆದದ್ದರಿಂದ ಇದು ನೆನಪಾಯಿತು.

ನಮ್ಮ ಮದುವೆ ಆದದ್ದು 2019ರಲ್ಲಿ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಇವರು ಹುಬ್ಬಳ್ಳಿಯ ಒಂದು ಖಾಸಗಿ ಕಂಪನಿಯಲ್ಲಿ ತಿಂಗಳಿಗೆ ಇಪ್ಪತ್ತೆರಡು ಸಾವಿರ. 2020ರ ಜನವರಿ ಕೊನೆಗೆ ಕೆಪಿಎಸ್‌ಸಿ 106 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಅರ್ಜಿ ಕರೆಯಿತು. ಇವರಿಗೆ ಆಗ ಮೂವತ್ತು. "ಒಂದ್ ವರ್ಷ ಬಿಟ್ಟು ಓದತೀನಿ" ಅಂದರು. ನಾನು "ಎರಡು ತಗೋರಿ" ಅಂದೆ. ದೊಡ್ಡತನ ಅಂತ ಅಲ್ಲ. ನನ್ನ ಸಂಬಳದಲ್ಲಿ ಇಬ್ಬರ ಊಟ, ಧಾರವಾಡದ ಸಪ್ತಾಪುರದಲ್ಲಿ ಒಂದು ರೂಮು, ಎರಡೂ ಆಗುತ್ತಿತ್ತು. ಕೂತು ಲೆಕ್ಕ ಹಾಕಿದ್ದೆವು: ರೂಮಿನ ಪಾಲು ಮೂರೂವರೆ ಸಾವಿರ, ಮೆಸ್ಸು ಮೂರು ಸಾವಿರ, ರೀಡಿಂಗ್ ರೂಮು, ಟೆಸ್ಟ್ ಸೀರೀಸು, ಪತ್ರಿಕೆ ಎಲ್ಲಾ ಸೇರಿ ಇನ್ನೊಂದು ಎರಡೂವರೆ. ತಿಂಗಳಿಗೆ ಒಂಬತ್ತು ಸಾವಿರ.

ಕೋವಿಡ್‌ನಿಂದಾಗಿ ಪ್ರಿಲಿಮ್ಸ್ ಆಗಸ್ಟ್ 24ಕ್ಕೆ ಬಂತು. ಇವರ ನಂಬರು ಬರಲಿಲ್ಲ. ಮೊದಲ ಸಲ, ಅದೇನೂ ದೊಡ್ಡ ಮಾತಲ್ಲ. ಆದರೆ ಮುಂದಿನ ಕೆಎಎಸ್ ಅಧಿಸೂಚನೆ ಯಾವಾಗ ಬಂತು ಗೊತ್ತಲ್ಲ? 2024ರ ಫೆಬ್ರವರಿ 26ಕ್ಕೆ. ನಡುವೆ ನಾಲ್ಕು ವರ್ಷ. ಆ ನಾಲ್ಕು ವರ್ಷ ಸಪ್ತಾಪುರದ ಹುಡುಗರು ಸುಮ್ಮನೆ ಕೂತಿರಲಿಲ್ಲ, ಸಿಕ್ಕಿದ್ದೆಲ್ಲಾ ಬರೆದರು. ಎಫ್‌ಡಿಎ ಪರೀಕ್ಷೆ 2021ರ ಜನವರಿಯಲ್ಲಿ ಹಿಂದಿನ ದಿನವೇ ಪ್ರಶ್ನೆಪತ್ರಿಕೆ ಸೋರಿ ಒಂದು ತಿಂಗಳು ಮುಂದೆ ಹೋಯಿತು. ಇವರ ರೂಮ್‌ಮೇಟ್ ಬರೆದ 545 ಹುದ್ದೆಗಳ ಪಿಎಸ್‌ಐ ಪರೀಕ್ಷೆ ನಡೆದದ್ದು 2021ರ ಅಕ್ಟೋಬರ್ 3ಕ್ಕೆ. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು, ಮರುಪರೀಕ್ಷೆ 2024ರ ಜನವರಿ 23ಕ್ಕೆ. ಆ ಹುಡುಗ ನಡುವೆ ಅವರಪ್ಪನ ಎರಡು ಎಕರೆ ಮಾರಿಸಿದ.

ಈಗ ಪ್ರಶ್ನೆಗೆ ಬರ್ತೀನಿ. 2024ರ ಶುರುವಿಗೆ ನಾನು ಕೂತು ನೋಡಿದರೆ, ಕ್ಯಾಲೆಂಡರಿನ ಪ್ರಕಾರ ನಾಲ್ಕು ವರ್ಷ ಆಗಿದೆ. ಪರೀಕ್ಷೆಯ ಪ್ರಕಾರ ಇವರು ಕೆಎಎಸ್ ಬರೆದದ್ದು ಒಂದೇ ಸಲ. "ಎರಡು ವರ್ಷ" ಅಂತ ನಾನು ಕೊಟ್ಟ ಮಾತು ಮುಗಿದಿದೆಯೋ, ಇನ್ನೂ ಶುರುವೇ ಆಗಿಲ್ಲವೋ? ನನ್ನ ಅಣ್ಣ ವರ್ಷ ಎಣಿಸುತ್ತಿದ್ದ, ನಮ್ಮ ಅತ್ತೆ ಪರೀಕ್ಷೆ ಎಣಿಸುತ್ತಿದ್ದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಆಯೋಗದ ತಡಕ್ಕೆ ಗಂಡನನ್ನು ಹೊಣೆ ಮಾಡೋದು ತಪ್ಪು ಅಂತ ನನಗೂ ಅನಿಸುತ್ತಿತ್ತು. ಆದರೆ ಆ ತಡದ ರೊಕ್ಕ ಆಯೋಗ ಕಟ್ಟಲ್ಲ, ನಾನೇ ಕಟ್ಟಬೇಕು.

ರೊಕ್ಕದ ಲೆಕ್ಕ ಸುಲಭ. ತಿಂಗಳಿಗೆ ಒಂಬತ್ತರಂತೆ ವರ್ಷಕ್ಕೆ ಒಂದು ಲಕ್ಷ ಎಂಟು ಸಾವಿರ, ಐದು ವರ್ಷಕ್ಕೆ ಐದು ಲಕ್ಷ ನಲವತ್ತು ಸಾವಿರ. ಇವರು ಬಿಟ್ಟ ಸಂಬಳ ವರ್ಷಕ್ಕೆ ಎರಡು ಲಕ್ಷ ಅರವತ್ತನಾಲ್ಕು ಸಾವಿರ. ಅದನ್ನೂ ಸೇರಿಸಿದರೆ ಒಟ್ಟು ಹದಿನೆಂಟೂವರೆ ಲಕ್ಷದ ಮೇಲೆ. ದೊಡ್ಡ ಮೊತ್ತವೇ, ಆದರೆ ರೊಕ್ಕ ಮತ್ತೆ ದುಡೀಬಹುದು. ನಾವು ಯಾರೂ ಬರೆದಿಡದ ಲೆಕ್ಕ ಬೇರೆ ಇತ್ತು. 2022ರಲ್ಲಿ ಪುಣೆಯ ಟೀಮಿಗೆ ಲೀಡ್ ಆಗಿ ಹೋಗೋ ಅವಕಾಶ ಬಿಟ್ಟೆ, ಯಾಕೆಂದರೆ ವಾರಾಂತ್ಯಕ್ಕೆ ಧಾರವಾಡ ಮುಟ್ಟೋದು ಇನ್ನೂ ಕಷ್ಟ ಆಗುತ್ತಿತ್ತು. ಮಗುವಿನ ಮಾತು ಬಂದಾಗಲೆಲ್ಲಾ "ಪ್ರಿಲಿಮ್ಸ್ ಆಗಲಿ" ಅಂದುಕೊಂಡೆವು, ಆ ಪ್ರಿಲಿಮ್ಸ್ ನಾಲ್ಕು ವರ್ಷ ಬರಲೇ ಇಲ್ಲ. ನನಗೆ ಮೂವತ್ಮೂರು ಆಯಿತು. ವಯಸ್ಸಿಗೆ ಮರುಪರೀಕ್ಷೆ ಇಲ್ಲ.

ಇದನ್ನು ಇವರ ಮುಂದೆ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಹೇಳಿದರೆ ಉಂಡ ಅನ್ನದ ಲೆಕ್ಕ ಕೇಳಿದ ಹಾಗೆ ಆಗುತ್ತೆ ಅನ್ನೋ ಅಂಜಿಕೆ. ಓದು ಹೇಗೆ ನಡೆದಿದೆ ಅಂತ ಕೇಳೋದನ್ನೂ ಬಿಟ್ಟಿದ್ದೆ. ಪ್ರೀತಿ ಅಂದರೆ ಕೇಳದೇ ಇರೋದು ಅಂತ ಯಾಕೋ ತಿಳಿದಿದ್ದೆ. ಫೋನಿನಲ್ಲಿ "ಊಟ ಆತ್ರೀ?" ಅಂತ ಶುರುವಾಗಿ ಊಟದಲ್ಲೇ ಮುಗೀತಿತ್ತು.

ಆ ವರ್ಷ ಯುಗಾದಿಗೆ ಮೊರಬಕ್ಕೆ ಹೋದಾಗ ನಮ್ಮಪ್ಪ ಕಟ್ಟೆ ಮೇಲೆ ಕೂತು ನಾಲ್ಕು ಎಕರೆ ಹೊಲದ ಮಾತು ಮುಗಿಸುತ್ತಿದ್ದರು. ಹಿಂದಿನ ವರ್ಷ ಲಾವಣಿ, ಈ ಸಲ ಪಾಲು. ಯಾಕೆ ಬದಲು ಮಾಡಿದಿ ಅಂತ ಕೇಳಿದೆ.

"ಯವ್ವ, ಲಾವಣಿ ಹಾಕಿದಾಂವ ಹೊಲದ ಕಡೆ ಹಣಿಕಿ ಹಾಕಬಾರದು, ಯುಗಾದಿಗೆ ರೊಕ್ಕ ಎಣಿಸ್ಕೋಬೇಕು ಅಷ್ಟ. ಪಾಲಿಗೆ ಹಾಕಿದ್ರ ನಷ್ಟದಾಗೂ ನಾನು ಅದೀನಿ, ಅದಕ್ಕ ದಿನಾ ಹೊಲಕ್ಕ ಹೋಗಿ ನಿಂದ್ರತೀನಿ. ಬಿತ್ತಿದ್ದು ಏನು, ಕಳೆ ತಗದಾನೋ ಇಲ್ಲೋ ಕೇಳತೀನಿ. ಅದರಾಗ ಯಾರಿಗೂ ಸಿಟ್ಟು ಬರೂದಿಲ್ಲ."

ಅಪ್ಪನಿಗೆ ನಮ್ಮ ವಿಷಯ ತಲೆಯಲ್ಲಿ ಇತ್ತೋ ಇಲ್ಲವೋ ಗೊತ್ತಿಲ್ಲ, ಅವರು ಹೊಲದ ಬಗ್ಗೆಯೇ ಹೇಳಿದ್ದಿರಬೇಕು. ನನಗೆ ಮಾತ್ರ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಾನು ಮಾಡಿದ್ದು ಎರಡರ ಕೆಟ್ಟ ಭಾಗಗಳನ್ನು ಸೇರಿಸಿದ ಒಪ್ಪಂದ. ನಷ್ಟದಲ್ಲಿ ಪಾಲುದಾರಳ ಹಾಗೆ ಪೂರ್ತಿ ಇದ್ದೆ, ಹೊಲಕ್ಕೆ ಮಾತ್ರ ಲಾವಣಿ ಕೊಟ್ಟವಳ ಹಾಗೆ ಕಾಲಿಟ್ಟಿರಲಿಲ್ಲ. ಇವರ ಕಡೆಯಿಂದ ನೋಡಿದರೂ ಹಾಗೇ. ನಾನು ಏನೂ ಕೇಳದೆ ರೊಕ್ಕ ಹಾಕುತ್ತಿದ್ದದ್ದು ಇವರಿಗೆ ಋಣವಾಗಿ ಕಾಣುತ್ತಿತ್ತು, ಪಾಲಾಗಿ ಅಲ್ಲ. ಋಣ ಇದ್ದವರು ಕೆಟ್ಟ ಸುದ್ದಿ ಹೇಳಲ್ಲ.

ಕೆಟ್ಟ ಸುದ್ದಿ ಇತ್ತು. ಮರುದಿನ ಕೇಳಿದೆ, ಮಾಕ್ ಟೆಸ್ಟಿನ ಅಂಕ ತೋರಿಸ್ರಿ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು ನೋಟ್‌ಬುಕ್ ತಂದರು. ಪ್ರಿಲಿಮ್ಸ್ ಎರಡು ಪತ್ರಿಕೆ, ತಲಾ 200, ಒಟ್ಟು 400 ಅಂಕ, ತಪ್ಪಿಗೆ ಕಾಲು ಭಾಗ ಕಡಿತ. ಮೊದಲ ಎರಡು ವರ್ಷ ಇವರ ಅಂಕ ನಿಧಾನಕ್ಕೆ ಏರಿದೆ, ನೂರೈವತ್ತರಿಂದ ನೂರ ತೊಂಬತ್ತಕ್ಕೆ. ಮೂರನೇ ವರ್ಷ ಅಲ್ಲೇ ನಿಂತಿದೆ. ನಾಲ್ಕನೇ ವರ್ಷ ಅಂಕವೇ ಇಲ್ಲ, ಹನ್ನೊಂದು ತಿಂಗಳಲ್ಲಿ ಎರಡೇ ಟೆಸ್ಟ್. ರೀಡಿಂಗ್ ರೂಮಿಗೆ ದಿನಾ ಹೋಗಿದ್ದಾರೆ, ಎಂಟು ತಾಸು ಕೂತಿದ್ದಾರೆ, ಸುಳ್ಳಲ್ಲ. ಟೆಸ್ಟ್ ಬರೆಯೋದನ್ನು ಮಾತ್ರ ಬಿಟ್ಟಿದ್ದಾರೆ. ಅದನ್ನು ನೋಡಿದ ಮೇಲೆ ನನಗೆ ಕಂಡದ್ದು, ಈ ನಾಲ್ಕು ವರ್ಷದಲ್ಲಿ ಎರಡು ಬೇರೆ ಬೇರೆ ತಡ ಸೇರಿಕೊಂಡಿವೆ. ಒಂದು ಆಯೋಗದ್ದು, ಅದು ಇವರ ಕೈಯಲ್ಲಿ ಇರಲಿಲ್ಲ. ಇನ್ನೊಂದು ಅಂಕ ನಿಂತದ್ದು. ಮೊದಲನೆಯದರ ನೆರಳಲ್ಲಿ ಎರಡನೆಯದು ಯಾರಿಗೂ ಕಾಣದೆ ಕೂತಿತ್ತು, ಇವರಿಗೂ ಕೂಡ.

ಹಾಗಂತ ಅವತ್ತೇ ಸಾಕು ಅನ್ನಲಿಲ್ಲ. ಅಧಿಸೂಚನೆ ಬಂದಿತ್ತು, ಹುದ್ದೆ 384. ಇಬ್ಬರೂ ಕೂತು ಮಾತಾಡಿದೆವು: ಈ ಪ್ರಿಲಿಮ್ಸ್ ಕೊನೆಯದು, ಅಲ್ಲಿಯವರೆಗೆ ವಾರಕ್ಕೊಂದು ಟೆಸ್ಟ್, ಅಂಕ ನನಗೂ. ಪಾಸಾದರೆ ಮೇನ್ಸ್‌ವರೆಗೆ ಖರ್ಚು ನನ್ನದು. ಇಲ್ಲದಿದ್ದರೆ ಕೆಲಸ. ಅಂಕ ಮತ್ತೆ ಏರತೊಡಗಿತು.

ಪ್ರಿಲಿಮ್ಸ್ ಆಗಸ್ಟ್ 27ಕ್ಕೆ ನಡೆಯಿತು. ಮುಂದಿನದ್ದು ನಿಮಗೆ ಗೊತ್ತಿರಬಹುದು. ಕನ್ನಡ ಪ್ರಶ್ನೆಪತ್ರಿಕೆಯ ಅನುವಾದದಲ್ಲಿ ತಪ್ಪೋ ತಪ್ಪು, ಗಲಾಟೆ ಆಗಿ ಮುಖ್ಯಮಂತ್ರಿ ಮರುಪರೀಕ್ಷೆಗೆ ಹೇಳಿದರು. ಇವರು ಬರೆದದ್ದು ಕನ್ನಡ ಮಾಧ್ಯಮದಲ್ಲೇ. ಹಾಗಾದರೆ "ಕೊನೆಯ ಪ್ರಿಲಿಮ್ಸ್" ಆಯಿತೋ ಇಲ್ಲವೋ? ಇವರೇನೂ ಕೇಳಲಿಲ್ಲ, ನಾನೇ ಹೇಳಿದೆ, ಆಗಿಲ್ಲ ಅಂತ. ನಡೆದ ಪರೀಕ್ಷೆ ಪರೀಕ್ಷೆಯೇ ಅಲ್ಲ ಅಂತ ಸರ್ಕಾರವೇ ಒಪ್ಪಿದ ಮೇಲೆ ನಾನು ಅದನ್ನು ಎಣಿಸೋದು ನ್ಯಾಯ ಅಲ್ಲ. ಡಿಸೆಂಬರ್ 29ಕ್ಕೆ ಮತ್ತೆ ಬರೆದರು. ಮತ್ತೆ ಅನುವಾದದ ತಪ್ಪುಗಳು, ಮತ್ತೆ ಪ್ರತಿಭಟನೆ. ಆದರೆ ಈ ಸಲ ಪರೀಕ್ಷೆ ನಿಂತಿತು, ಫಲಿತಾಂಶ ಬಂತು, ಇವರ ನಂಬರು ಇರಲಿಲ್ಲ. ಹಲವರು ಕೋರ್ಟಿಗೆ ಹೋದರು. "ಕೋರ್ಟ್ ಏನರ ಹೇಳಿದ್ರ..." ಅಂತ ಇವರು ಶುರು ಮಾಡಿದರು. ಈ ಸಲ ನಾನು ಇಲ್ಲ ಅಂದೆ.

ಈ ಎರಡು ಉತ್ತರಗಳ ನಡುವೆ ಏನು ವ್ಯತ್ಯಾಸ ಅಂತ ನನ್ನನ್ನೇ ಬಹಳ ಸಲ ಕೇಳಿಕೊಂಡಿದ್ದೀನಿ. ಎರಡೂ ಸಲ ಅನ್ಯಾಯ ಆದದ್ದು ನಿಜ. ಆದರೆ ಎರಡನೇ ಸಲ ಕಾಯೋದಕ್ಕೆ ದಿನಾಂಕ ಇರಲಿಲ್ಲ. ಆಯೋಗದ ಮೇಲಿನ ಸಿಟ್ಟು ನ್ಯಾಯವಾದದ್ದೇ, ಆದರೆ ಅದನ್ನು ಕಾಪಾಡೋ ಖರ್ಚು ನನ್ನ ಮೂವತ್ನಾಲ್ಕನೇ ವರ್ಷದಿಂದ ಬರಬೇಕಿತ್ತು. ಅದನ್ನು ಕೊಡಲ್ಲ ಅಂದೆ. ಇವರು ಎರಡು ವಾರ ಸರಿಯಾಗಿ ಮಾತಾಡಲಿಲ್ಲ. ನಮ್ಮ ಅತ್ತೆ ಈಗಲೂ ಒಂದೊಂದು ಸಲ "ಇನ್ನೊಂದ್ ಸಲ ಬರದಿದ್ರ ಆಗ್ತಿತ್ತವಾ" ಅಂತಾರೆ. ಆಗಿದ್ದರೂ ಆಗಿರಬಹುದು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಇಷ್ಟು ಬರೆಯುವಾಗ ಒಂದು ಮುಜುಗರ ಇದೆ. ನನ್ನ ಜೊತೆ ಬಿಇ ಓದಿದ ಗೆಳತಿ ಮದುವೆ ಆದಮೇಲೆ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಳು. ಅವಳಿಗೆ ಸಿಕ್ಕದ್ದು ಒಂದು ವರ್ಷ, ಅದೂ ಬೆಳಗಿನ ರೊಟ್ಟಿ, ಸಂಜೆಯ ಅಡಿಗೆ ಮುಗಿಸಿದ ಮೇಲೆ. ಅದು ನ್ಯಾಯವೋ ಅಂತ ಯಾವ ಮನೆಯಲ್ಲೂ ಚರ್ಚೆ ಆಗಲಿಲ್ಲ. ಇವರಿಗೆ ಐದು ವರ್ಷ ಸಿಕ್ಕಿತು, ಪೂರ್ತಿ ದಿನ. ಆದರೂ ಗಡುವು ಹಾಕಿದವಳು ನಾನು ಅಂತ ಊರಲ್ಲಿ ಮಾತಾಯಿತು.

2025ರ ಯುಗಾದಿಯ ಹೊತ್ತಿಗೆ ಇವರು ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿದರು, ಇಪ್ಪತ್ನಾಲ್ಕು ಸಾವಿರ. ನಾನು ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ ಮಾಡೋ ಟೀಮಿಗೆ ಬದಲಾಯಿಸಿಕೊಂಡೆ. ಸಪ್ಟೆಂಬರ್‌ನಲ್ಲಿ ಧಾರವಾಡದಲ್ಲಿ ಉದ್ಯೋಗಾಕಾಂಕ್ಷಿಗಳು ಬೀದಿಗೆ ಇಳಿದರಲ್ಲ, ನೇಮಕಾತಿ ಮಾಡಿ, ವಯೋಮಿತಿ ಸಡಿಲಿಸಿ ಅಂತ, ಅವತ್ತು ಇವರು ಕೆಲಸ ಮುಗಿಸಿ ಬಂದು ಮೊಬೈಲಿನಲ್ಲಿ ಬಹಳ ಹೊತ್ತು ಆ ವಿಡಿಯೋ ನೋಡಿದರು. ಗುರುತಿನ ಮುಖಗಳು. ಅದರ ಬೆನ್ನಿಗೆ ವಯೋಮಿತಿಯನ್ನು ಒಂದು ಬಾರಿಗೆ ಮೂರು ವರ್ಷ ಸಡಿಲಿಸಿದ ಆದೇಶವೂ ಬಂತು.

"ಮುಂಜಾನೆ ಐದಕ್ಕ ಎದ್ದು ಓದಿದ್ರ ಏನಂತಿ?" ಅಂತ ಕೇಳಿದರು. ಟೆಸ್ಟ್ ಸೀರೀಸಿನ ಫೀ ಯಾರದು ಅಂತ ಕೇಳಿದೆ. "ನಂದ" ಅಂದರು. ಈಗ ಭಾನುವಾರ ಮಧ್ಯಾಹ್ನ ಟೆಸ್ಟ್ ನಡೆಯುತ್ತೆ, ಅಂಕದ ಹಾಳೆ ಅಡಿಗೆಮನೆಯ ಬಾಗಿಲಿಗೆ ಅಂಟಿಸಿದೆ. ಹೋದ ವಾರ 204.