ಸೋರುವ ತಾರಸಿ ಮತ್ತು ಮಾಲೀಕರ ತಿಳಿವಳಿಕೆ

ಬೆಂಗಳೂರಿನ ಮೇಲ್ಮಹಡಿಯ ಬಾಡಿಗೆ ಮನೆಯೊಂದರಲ್ಲಿ ಮಳೆಗಾಲವಿಡೀ ಸೋರುತ್ತಿರುವ ತಾರಸಿಯನ್ನು ಕುರಿತು ಬಾಡಿಗೆದಾರನೂ ವಕೀಲೆಯೂ ನಡೆಸುವ ಈ ಸಂವಾದವು, ಮಾಲೀಕರಿಗೆ ಸಂಗತಿ ತಿಳಿದಿದೆಯೆಂದು ಯಾವಾಗ ಹೇಳಬಹುದು ಎಂಬುದನ್ನು ವಿಚಾರಿಸುತ್ತದೆ.

ಬಾಡಿಗೆದಾರ: ಜೂನ್ 9ರಂದು ಫೋನಿನಲ್ಲಿ, ಜುಲೈ 2ರಂದು ವಾಟ್ಸಾಪಿನಲ್ಲಿ, ಆಗಸ್ಟ್ 5ರಂದು ಬಾಡಿಗೆ ಕೊಡುವಾಗ ಎದುರಿಗೇ ಮಾಲೀಕರಿಗೆ ಹೇಳಿದ್ದಾಗಿದೆ, ಮೇಡಂ. ತಿಳಿದವರಿಗೇ ಮತ್ತೆ ಪತ್ರ ಬರೆಯುವುದು ಜಗಳಕ್ಕೆ ನಿಂತಂತಾಗುವುದಿಲ್ಲವೇ?

ವಕೀಲೆ: ಅವರಿಗೆ ತಿಳಿದಿರುವುದು ಮೂರು ಬಿಡಿ ಸೋರಿಕೆಗಳು; ಪ್ರತಿ ಸಲವೂ ಮಳೆ ನಿಂತು ಗೋಡೆ ಒಣಗಿದ ಮೇಲೆ ತೊಂದರೆ ಮುಗಿಯಿತೆಂದು ಅವರು ಪ್ರಾಮಾಣಿಕವಾಗಿಯೇ ನಂಬಿರಬಹುದು. ಮೂರೂ ದಿನಾಂಕಗಳು, ಯಾವ ಮಾರ್ಗದಲ್ಲಿ ಹೇಳಿದ್ದು, ಅವರು ಏನೆಂದು ಉತ್ತರಿಸಿದರು ಎಂಬುದೆಲ್ಲ ಒಂದೇ ಪತ್ರದಲ್ಲಿ ಸೇರಿದಾಗಲೇ ಅದು ಮರುಕಳಿಸುವ ದೋಷವೆಂದು ಗೋಚರಿಸುತ್ತದೆ.

ಬಾಡಿಗೆದಾರ: ಹಾಗಾದರೆ ಪ್ಯಾರಪೆಟ್ ಗೋಡೆಯ ಬುಡ ಬಿರುಕು ಬಿಟ್ಟಿರುವುದೇ ಕಾರಣವೆಂದು ಸ್ಪಷ್ಟವಾಗಿ ಬರೆಯಬಹುದಲ್ಲ?

ವಕೀಲೆ: ಕಂಡದ್ದನ್ನು ಬರೆಯಬೇಕು, ಊಹಿಸಿದ್ದನ್ನಲ್ಲ. ತಾರಸಿಯೊಳಗೆ ಇಳಿದ ನೀರು ಕಾಂಕ್ರೀಟಿನ ಸಂದುಗಳಲ್ಲಿ ಹರಿದು ಬೇರೆಲ್ಲೋ ತೊಟ್ಟಿಕ್ಕುವುದರಿಂದ, ಕಲೆಯಿರುವ ಜಾಗವೇ ನೀರು ಹೊಕ್ಕ ಜಾಗವೆಂದು ಹೇಳಲಾಗದು. ಕಲೆಯ ಅಂಚನ್ನು ಪೆನ್ಸಿಲಿನಿಂದ ಗುರುತಿಸಿ ದಿನಾಂಕ ಬರೆದು, ಪಕ್ಕದಲ್ಲಿ ಅಳತೆ ಪಟ್ಟಿಯಿಟ್ಟು ಚಿತ್ರ ತೆಗೆದರೆ, ಮುಂದಿನ ಮಳೆಯಲ್ಲಿ ಅದು ಹಿಗ್ಗಿತೇ ಎಂಬುದು ವಾದವಿಲ್ಲದೆ ತಿಳಿಯುತ್ತದೆ. ಮಳೆಯಿಲ್ಲದ ದಿನವೂ ಒದ್ದೆಯಾದರೆ ನೀರಿನ ತೊಟ್ಟಿಯನ್ನೋ ಕೊಳಾಯಿಯನ್ನೋ ಶಂಕಿಸಬೇಕಾದುದರಿಂದ, ಒಣಗಿದ್ದ ದಿನಗಳನ್ನೂ ಬರೆದಿಡುವುದು ಒಳಿತು. ಮೂಲ ಚಿತ್ರಗಳು ಫೋನಿನಲ್ಲೇ ಉಳಿಯಲಿ.

ಬಾಡಿಗೆದಾರ: ಏಳು ದಿನಗಳಲ್ಲಿ ಸರಿಪಡಿಸಿ ಎಂದರೆ ಸಾಕೇ?

ವಕೀಲೆ: ಮಳೆಗಾಲದಲ್ಲಿ ಆ ಗಡುವು ಈಡೇರುವಂಥದ್ದಲ್ಲ, ಏಕೆಂದರೆ ಜಲನಿರೋಧಕ ಲೇಪಗಳಲ್ಲಿ ಬಹುತೇಕವು ಒಣಗಿದ ಮೇಲ್ಮೈಯನ್ನು ಬೇಡುತ್ತವೆ. ಏಳು ದಿನಗಳೊಳಗೆ ಪರಿಶೀಲನೆ, ಮಳೆನೀರಿನ ಕೊಳವೆಯ ಬಾಯಿ ಬಿಡಿಸುವುದು ಮತ್ತು ತಾತ್ಕಾಲಿಕ ಟಾರ್ಪಾಲಿನ ಹೊದಿಕೆ; ಶಾಶ್ವತ ದುರಸ್ತಿಗೆ ಇಂತಿಷ್ಟು ದಿನಗಳಲ್ಲಿ ಲಿಖಿತ ದಿನಾಂಕ: ಹೀಗೆ ಎರಡು ಹಂತದ ಗಡುವು ನ್ಯಾಯವಾದುದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಪ್ರಕರಣದ (ಎಫ್) ಖಂಡವು, ಮಾಲೀಕರು ಮಾಡಲೇಬೇಕಾದ ದುರಸ್ತಿಯನ್ನು ನೋಟಿಸಿನ ಬಳಿಕ ಯುಕ್ತ ಕಾಲದೊಳಗೆ ಮಾಡದಿದ್ದರೆ, ಬಾಡಿಗೆದಾರನೇ ಮಾಡಿಸಿ ವೆಚ್ಚವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಲು ಅವಕಾಶ ಕೊಡುತ್ತದೆ; ಆ ‘ಯುಕ್ತ ಕಾಲ’ವನ್ನು ಅಳೆಯುವಾಗ ಇಂಥ ಗಡುವು ನೆರವಾಗುತ್ತದೆ.

ಬಾಡಿಗೆದಾರ: ಅಂದರೆ ಮುಂದಿನ ತಿಂಗಳ ಬಾಡಿಗೆ ತಡೆಹಿಡಿಯಬಹುದು.

ವಕೀಲೆ: ಬಾಡಿಗೆ ತಡೆಹಿಡಿಯುವುದು ಬೇರೆ, ಮಾಡಿದ ವೆಚ್ಚವನ್ನು ಮುರಿದುಕೊಳ್ಳುವುದು ಬೇರೆ; ಮೊದಲನೆಯದು ಬಾಡಿಗೆ ಬಾಕಿಯೆಂಬ ಆರೋಪಕ್ಕೆ ದಾರಿ. ಎರಡನೆಯದಕ್ಕೂ ‘ಮಾಡಲೇಬೇಕಾದ’ ಎಂಬ ಷರತ್ತಿದೆ. ತಾರಸಿಯ ದುರಸ್ತಿ ಯಾರ ಹೊಣೆಯೆಂದು ಕರಾರು ಪತ್ರ ಹೇಳುತ್ತದೆ?

ಬಾಡಿಗೆದಾರ: ಅದರಲ್ಲಿ ಸುಣ್ಣಬಣ್ಣದ ಮಾತು ಮಾತ್ರ ಇದೆ.

ವಕೀಲೆ: ಹಾಗಿದ್ದರೆ ತಾರಸಿಯ ದುರಸ್ತಿ ಮಾಲೀಕರ ಹೊಣೆಯೆಂದು ಕರಾರು ಹೇಳದಿರುವುದರಿಂದ, ಮುರಿದುಕೊಳ್ಳುವ ಬೆದರಿಕೆಯನ್ನು ಈ ಪತ್ರದಲ್ಲಿ ಹಾಕುವಂತಿಲ್ಲ. ಪತ್ರವನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ದಿನಾಂಕಸಹಿತ ಸ್ವೀಕೃತಿ ಸಹಿ ಪಡೆಯುವುದು, ಸಹಿ ಹಾಕದಿದ್ದರೆ ಅಂಚೆಯಲ್ಲಿ ಕಳಿಸಿ ತಲುಪಿದ ದಾಖಲೆ ಇಟ್ಟುಕೊಳ್ಳುವುದು.