ಮಾತಾಡಿಸಿಕೊಂಡು ಬರುವುದು

ಸಾವಾದ ಮನೆಗೆ ಹೋಗುವುದಕ್ಕೆ ಕನ್ನಡದಲ್ಲಿ ಎರಡು ಮಾತುಗಳಿವೆ. ‘ಸಂತಾಪ ಸೂಚಿಸುವುದು’ ಪತ್ರಿಕೆಯ ಮಾತು, ಅದನ್ನು ಬಾಯಲ್ಲಿ ಯಾರೂ ಆಡುವುದಿಲ್ಲ. ಮನೆಯ ಮಾತು ಬೇರೆ: ‘ಹೋಗಿ ಮಾತಾಡಿಸಿಕೊಂಡು ಬರೋಣ.’ ದಾರಿಯಲ್ಲಿ ಸಿಕ್ಕವರನ್ನೂ ನಾವು ಮಾತಾಡಿಸುತ್ತೇವೆ, ನಿಜ. ಆದರೆ ಸಾವಿನ ಮನೆಯ ಸಂದರ್ಭದಲ್ಲಿ ಆ ಕ್ರಿಯಾಪದ ತನ್ನ ಅಕ್ಷರಶಃ ಅರ್ಥಕ್ಕೆ ಮರಳುತ್ತದೆ. ಹೋದವರು ಮಾತಾಡುವುದಲ್ಲ, ಅಲ್ಲಿರುವವರಿಂದ ಮಾತಾಡಿಸುವುದು. ಅಮೆರಿಕಕ್ಕೆ ಬಂದು ಇಪ್ಪತ್ತು ವರ್ಷವಾದ ಮೇಲೆ, ಇಲ್ಲಿನ ಕನ್ನಡಿಗರ ಮನೆಗಳಿಗೆ ಇಂಥ ಸಮಯದಲ್ಲಿ ಹೋಗಿಬಂದ ಮೇಲೆ, ನಮಗೆ ತಪ್ಪಿಹೋಗುತ್ತಿರುವುದು ಈ ‘ಇಸು’ ಪ್ರತ್ಯಯವೇ ಎಂದು ನನಗೆ ಅನ್ನಿಸತೊಡಗಿದೆ.

ಊರಿನಲ್ಲಿ ಇದು ನಡೆಯುವ ಬಗೆ ಎಲ್ಲರೂ ಕಂಡದ್ದೇ. ಬಂದವರು ಜಮಖಾನದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಾರೆ. ಆಮೇಲೆ ಯಾರೋ ಒಬ್ಬರು ‘ಹೇಗಾಯ್ತಮ್ಮ?’ ಎನ್ನುತ್ತಾರೆ. ಬೆಳಿಗ್ಗೆ ಕಾಫಿ ಕುಡಿದದ್ದು, ಎದೆ ಉರಿ ಎಂದದ್ದು, ಆಟೋ ಸಿಗದೆ ಪಕ್ಕದ ಮನೆಯವರ ಕಾರಿನಲ್ಲಿ ಕರೆದೊಯ್ದದ್ದು, ಎಲ್ಲವನ್ನೂ ಆಕೆ ಹೇಳುತ್ತಾಳೆ. ಮುಂದಿನವರು ಬಂದಾಗ ಮತ್ತೆ ಮೊದಲಿನಿಂದ. ಹೊರಗಿನವರಿಗೆ ಇದು ಹಿಂಸೆಯಂತೆ ಕಾಣಬಹುದು. ನನಗೆ ಹಾಗೆ ಕಾಣುವುದಿಲ್ಲ. ನಲವತ್ತು ಸಲ ಹೇಳುವಷ್ಟರಲ್ಲಿ ಆ ಬೆಳಗಿಗೆ ಒಂದು ಆಕಾರ ಬಂದಿರುತ್ತದೆ. ಕೊನೆಗೆ ‘ಹೋಗಿ ಬರ್ತೀನಿ’ ಎನ್ನದೆ ಬಂದವರು ಎದ್ದು ಹೋಗುತ್ತಾರೆ.

ಇದೇ ಪ್ರಶ್ನೆ ಇಲ್ಲಿ ಏನಾಗುತ್ತದೆ ನೋಡಿ. ಡಾಲಸ್ಸಿನಲ್ಲಿ ನಮಗೆ ಪರಿಚಯದ ಹೆಣ್ಣುಮಗಳೊಬ್ಬಳು. ಆಪ್ತರೇನಲ್ಲ, ಕನ್ನಡ ಕೂಟದ ಯುಗಾದಿ, ದೀಪಾವಳಿಗಳಲ್ಲಿ ನೋಡಿದವರು. ಸಾಗರದ ಹತ್ತಿರದ ಊರಿನಲ್ಲಿ ಅವರ ತಂದೆ ತೀರಿಕೊಂಡರು. ಪಾಸ್‌ಪೋರ್ಟಿನಲ್ಲಿದ್ದ ವೀಸಾ ಮುದ್ರೆಯ ಅವಧಿ ಮುಗಿದಿತ್ತು. ಹೋದರೆ ಹೊಸ ಮುದ್ರೆಯಿಲ್ಲದೆ ವಾಪಸು ಬರುವಂತಿಲ್ಲ, ಅದಕ್ಕೆ ಕಾನ್ಸುಲೇಟಿನಲ್ಲಿ ದಿನ ಯಾವಾಗ ಸಿಗುತ್ತದೋ ಹೇಳುವಂತಿಲ್ಲ. ಅಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಚಿತೆಗೆ ಬೆಂಕಿ ಕೊಟ್ಟಾಗ ಇಲ್ಲಿ ರಾತ್ರಿ ಹನ್ನೆರಡೂವರೆ. ಮಲಗಿದ ಮಕ್ಕಳಿಗೆ ಎಚ್ಚರವಾಗದಿರಲೆಂದು ಬಚ್ಚಲುಮನೆಯಲ್ಲಿ ನಿಂತು ಅವರು ಅದನ್ನು ಫೋನಿನಲ್ಲಿ ನೋಡಿದರು. ನಡುವೆ ಎರಡು ಸಲ ಸಂಪರ್ಕ ಕಡಿದುಹೋಯಿತಂತೆ.

ಶನಿವಾರ ನಾನೂ ನನ್ನ ಹೆಂಡತಿಯೂ ಹೋದಾಗ ಅಲ್ಲಿ ಆಗಲೇ ಒಂದು ಸಂಸಾರ ಬಂದು ಕೂತಿತ್ತು. ಒಳ್ಳೆಯ ಜನ. ‘ಹೇಗಾಯ್ತು?’ ಎಂದು ಆ ಮನೆಯ ಯಜಮಾನರು ಕೇಳಿದರು. ಈಕೆಯ ಬಳಿ ಹೇಳಲು ಏನೂ ಇರಲಿಲ್ಲ. ‘ಅಣ್ಣ ಹೇಳಿದ ಪ್ರಕಾರ...’ ಎಂದು ಶುರುಮಾಡಿ ನಿಲ್ಲಿಸಿದರು. ಊರಿನಲ್ಲಿ ಕತೆ ಹೊರಡಿಸುವ ಪ್ರಶ್ನೆ ಇಲ್ಲಿ ‘ನೀನು ಅಲ್ಲಿರಲಿಲ್ಲ’ ಎಂಬ ಮಾತಾಗಿ ತಗುಲಿತು. ಮೌನ ತುಂಬಲು ಅವರು ಮುಂದುವರಿಸಿದರು: ‘ವಯಸ್ಸೆಷ್ಟಾಗಿತ್ತು? ಎಪ್ಪತ್ತೆಂಟಾ, ತುಂಬು ಜೀವನ ಬಿಡಿ. ನರಳಲಿಲ್ಲವಲ್ಲ, ಪುಣ್ಯವಂತರು.’ ಆಕೆ ‘ಹೌದು, ಹೌದು’ ಎಂದು ಕಾಫಿ ಮಾಡಲು ಎದ್ದರು. ಮಾತು ದಾರಿ ತಪ್ಪಿದ್ದು ನನಗೆ ಗೊತ್ತಾಗುವುದು ಇಂಥ ಗುರುತುಗಳಿಂದ. ದುಃಖದಲ್ಲಿರುವವರು ನಮ್ಮ ಮಾತಿಗೆ ಬೇಗಬೇಗ ಒಪ್ಪತೊಡಗಿದರೆ, ನಮ್ಮನ್ನೇ ಉಪಚರಿಸಲು ಎದ್ದರೆ, ಅವರು ನಮ್ಮಿಂದ ಪಾರಾಗುತ್ತಿದ್ದಾರೆ ಎಂದರ್ಥ.

ಆ ಯಜಮಾನರು ಆಡಿದ್ದು ಸುಳ್ಳಲ್ಲ ಎಂಬುದೇ ಇಲ್ಲಿನ ಕುತೂಹಲದ ಸಂಗತಿ. ಅದೇ ಸಂಜೆ, ಒಂದು ಗಂಟೆಯ ಬಳಿಕ, ಆಕೆಯೇ ‘ಅಪ್ಪ ನರಳಲಿಲ್ಲ, ಅದೊಂದು ಸಮಾಧಾನ’ ಎಂದರು. ನಾವು ತಲೆಯಾಡಿಸಿದೆವು, ಯಾರಿಗೂ ಮುಜುಗರವಾಗಲಿಲ್ಲ. ವಾಕ್ಯ ಒಂದೇ, ಒಬ್ಬರ ಬಾಯಲ್ಲಿ ಅದು ಚುಚ್ಚುತ್ತದೆ, ಇನ್ನೊಬ್ಬರ ಬಾಯಲ್ಲಿ ತಣಿಸುತ್ತದೆ. ಕಾರಣ, ಸಮಾಧಾನದ ಮಾತು ಒಂದು ತೂಗುವ ಕೆಲಸ. ಒಂದು ತಟ್ಟೆಯಲ್ಲಿ ಅಪ್ಪ ಇಲ್ಲದಿರುವುದು, ಇನ್ನೊಂದರಲ್ಲಿ ಅವರು ನರಳದಿದ್ದುದು. ತೂಗುವ ಹಕ್ಕು ಕಳೆದುಕೊಂಡವರದು. ಆಪ್ತ ಸ್ನೇಹಿತೆಗೆ ತಕ್ಕಡಿಯ ಒಂದು ಕೈ ಹಿಡಿಯುವ ಸಲುಗೆ ಇರಬಹುದು. ಪರಿಚಿತರಿಗೆ ಅದು ಇಲ್ಲ. ‘ಕರ್ಮ’, ‘ದೇವರ ಇಚ್ಛೆ’, ‘ಎಲ್ಲರೂ ಹೋಗುವವರೇ’ ಎಂಬವೂ ಇದೇ ಜಾತಿಯವು. ನಂಬುವವರಿಗೆ ಅವು ಸತ್ಯವೇ ಇರಬಹುದು, ಆದರೆ ಮೊದಲು ಆಡಬೇಕಾದವರು ಅವರು.

ಮಹಾಭಾರತದ ಸ್ತ್ರೀಪರ್ವದಲ್ಲಿ ನೂರು ಮಕ್ಕಳನ್ನು ಕಳೆದುಕೊಂಡ ಧೃತರಾಷ್ಟ್ರನಿಗೆ ವಿದುರ ದೀರ್ಘವಾಗಿ ಸಂಸಾರದ ಅನಿತ್ಯತೆಯನ್ನು ಬೋಧಿಸುತ್ತಾನೆ. ವಿದುರನಿಗಿಂತ ಬಲ್ಲವರು ಯಾರು? ಎಲ್ಲ ಕೇಳಿದ ಮುದುಕ ಮೂರ್ಛೆ ಹೋಗಿ ನೆಲಕ್ಕೆ ಬೀಳುತ್ತಾನೆ. ಆಗ ವಿದುರ, ಸಂಜಯ, ವ್ಯಾಸರೆಲ್ಲ ತಣ್ಣೀರು ಚಿಮುಕಿಸಿ, ತಾಳೆಯ ಬೀಸಣಿಗೆಯಿಂದ ಗಾಳಿ ಹಾಕಿ, ಮೈ ಸವರಿ ಎಚ್ಚರಿಸುತ್ತಾರೆ. ಆ ಗಳಿಗೆಯಲ್ಲಿ ಅಷ್ಟು ದೊಡ್ಡ ಜ್ಞಾನಿಗಳ ಕೈಲಿದ್ದದ್ದು ಬೀಸಣಿಗೆ.

ನಮ್ಮ ಬೀಸಣಿಗೆ ಯಾವುದು? ‘ಏನಾದರೂ ಬೇಕಿದ್ದರೆ ಹೇಳಿ’ ಅಲ್ಲ. ಯೋಚಿಸಿ, ಆರಿಸಿ, ನಾಚಿಕೆ ಬಿಟ್ಟು ಕೇಳುವ ಕೆಲಸವನ್ನು ಅದು ಅವರ ಮೇಲೇ ಹೊರಿಸುತ್ತದೆ. ಇಲ್ಲಿನ ಬಹಳಷ್ಟು ಕಂಪನಿಗಳು ಇಂಥ ಸಾವಿಗೆ ಕೊಡುವ ರಜೆ ಮೂರರಿಂದ ಐದು ದಿನ. ಊರಿನಲ್ಲಿ ಇನ್ನೂ ಸೂತಕ ನಡೆಯುತ್ತಿರುವಾಗ ಈಕೆ ಮೀಟಿಂಗಿನಲ್ಲಿದ್ದರು. ನನ್ನ ಹೆಂಡತಿ ಹೇಳಿದ್ದು ಇಷ್ಟು: ‘ಗುರುವಾರ ಸಾಯಂಕಾಲ ಅನ್ನ, ಸಾರು, ಒಂದು ಪಲ್ಯ ತಂದು ಬಾಗಿಲಲ್ಲಿಟ್ಟು ಹೋಗ್ತೀನಿ. ಬೆಲ್ ಮಾಡಲ್ಲ. ಪಾತ್ರೆ ವಾಪಸ್ ಕೊಡೋದು ಬೇಡ.’

ಆಮೇಲೆ ಅವಳು ಸಾವನ್ನು ಬಿಟ್ಟು ಬದುಕಿನ ಬಗ್ಗೆ ಕೇಳಿದಳು. ‘ನಿಮ್ಮ ತಂದೆ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ಒಂದ್ಸಲ ಕೂಟದ ಊಟಕ್ಕೆ ತಂದಿದ್ರಿ. ಅವರೇ ಹಾಕ್ತಿದ್ರಾ?’ ಕೊನೆಯ ದಿನ ಆಕೆಯ ಬಳಿ ಇರಲಿಲ್ಲ, ಆದರೆ ಅದರ ಹಿಂದಿನ ನಲವತ್ತು ವರ್ಷ ಇದ್ದವು. ಹೊಳೆದಂಡೆಯ ಮರ, ತೊಟ್ಟು ಮುರಿಯದಂತೆ ಕೊಯ್ಯಲು ಮರ ಹತ್ತುವವನೊಂದಿಗೆ ಅಪ್ಪನ ಜಗಳ, ತಿಂಗಳುಗಟ್ಟಲೆ ಉಪ್ಪಿನಲ್ಲಿ ಮಿಡಿ ಮುದುಡುವುದು, ಖಾರ ಬೆರೆಸುವಾಗ ಅಮ್ಮನನ್ನೂ ಹತ್ತಿರ ಸೇರಿಸದಿದ್ದದ್ದು. ಮುಕ್ಕಾಲು ಗಂಟೆ ಹೇಳಿದರು. ನಡುವೆ ಅತ್ತರು, ಒಮ್ಮೆ ನಕ್ಕರು.

ನಗುವಿನ ಬೆನ್ನಿಗೇ ಕಷ್ಟದ ಪ್ರಶ್ನೆ ಬಂತು: ‘ಏನಾದ್ರೂ ಆಗಲಿ ಅಂತ ನಾನು ಹೋಗಿಬಿಡಬೇಕಿತ್ತು, ಅಲ್ವಾ?’ ಇದಕ್ಕೆ ನಾಲಿಗೆಯ ತುದಿಯಲ್ಲಿರುವ ಉತ್ತರ ‘ಛೆ, ನಿಮ್ಮ ತಪ್ಪಿಲ್ಲ.’ ಅದರಲ್ಲಿ ದಯೆಯಿದೆ, ಆದರೆ ಅದೂ ತೀರ್ಪೇ. ಬಾಗಿಲು ಹಾಕಿಬಿಡುವ ತೀರ್ಪು. ನನ್ನ ಹೆಂಡತಿ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ‘ಆ ಎರಡು ದಿನ ನಿಮಗೆ ಹೇಗೆ ಕಳೀತೋ’ ಎಂದಳು. ಟಿಕೆಟ್ ನೋಡಿದ್ದು, ವಕೀಲರಿಗೆ ಫೋನ್ ಮಾಡಿದ್ದು, ‘ನೀನು ಬರಬೇಡ’ ಎಂದು ಅಣ್ಣ ಅಂದದ್ದು, ಎಲ್ಲ ಹೊರಬಂತು. ಊರಿನಲ್ಲಿ ‘ಹೇಗಾಯ್ತಮ್ಮ’ ಎಂದಾಗ ಬರುವ ಕತೆ ಈಕೆಯ ಬಳಿಯೂ ಇತ್ತು, ಅದು ಡಾಲಸ್ಸಿನಲ್ಲಿ ನಡೆದಿತ್ತು.

ಹೋಗಲಾಗದಿದ್ದರೆ ಬರೆಯಬೇಕಾಗುತ್ತದೆ. ವಾಟ್ಸ್ಯಾಪ್ ಗುಂಪಿನಲ್ಲಿ ಸಾಲಾಗಿ ಬೀಳುವ ‘ಓಂ ಶಾಂತಿ’ಗಳ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ, ಅವು ತೀರಿಕೊಂಡವರಿಗಾಗಿ ಬರೆದವು. ಬದುಕಿರುವವರಿಗೆ ಬೇರೆಯಾಗಿ ಬರೆಯಬೇಕು. ಇಲ್ಲಿನ ಸಹೋದ್ಯೋಗಿಗಳು ಹೇಳುವ ‘ಐ ಯಾಮ್ ಸಾರಿ ಫಾರ್ ಯುವರ್ ಲಾಸ್’ ಎಂಬುದನ್ನು ನಮ್ಮವರು ಒಣ ಮಾತೆಂದು ನಗುತ್ತಾರೆ. ಅದು ಏನನ್ನೂ ತೂಗುವುದಿಲ್ಲ, ಏನನ್ನೂ ಕೇಳುವುದಿಲ್ಲ; ಅಷ್ಟರಮಟ್ಟಿಗೆ ನಮ್ಮ ‘ತುಂಬು ಜೀವನ’ಕ್ಕಿಂತ ಮೇಲು. ಮಾತಾಡಿಸುವುದಿಲ್ಲ ಎಂಬುದಷ್ಟೇ ಅದರ ಕೊರತೆ. ನಾನು ಬರೆಯುವುದು ಮೂರು ಸಾಲು: ಸುದ್ದಿ ತಿಳಿದು ಬೇಸರವಾಯಿತು ಎಂದು ಒಂದು, ಹೋದವರ ಬಗ್ಗೆ ನನಗೆ ಗೊತ್ತಿರುವ ಒಂದೇ ಒಂದು ಸಂಗತಿ, ಉಪ್ಪಿನಕಾಯಿಯಷ್ಟು ಚಿಕ್ಕದಾದರೂ ಸರಿ, ಕೊನೆಗೆ, ಇದಕ್ಕೆ ಉತ್ತರ ಬರೆಯಬೇಕಿಲ್ಲ ಎಂದು. ಹಾಗೆ ಬರೆದವರಿಗೆ ಹೆಚ್ಚಿನವರು ಉತ್ತರ ಬರೆಯುತ್ತಾರೆ, ಕೆಲವರು ಐದಾರು ತಿಂಗಳ ಮೇಲೆ, ಉಳಿದವರೆಲ್ಲ ಮರೆತಿರುವ ಹೊತ್ತಿನಲ್ಲಿ.