ಪ್ರತಿಜ್ಞೆ ಮತ್ತು ಪರೀಕ್ಷಕ

ಗೌತಮನ ನ್ಯಾಯಸೂತ್ರಗಳ ಕಡೆಯ ಅಧ್ಯಾಯವು, ವಾದಿಯು ಸೋತನೆಂದು ಸಾರಲು ಸಾಕಾಗುವ 22 ನಿಗ್ರಹಸ್ಥಾನಗಳನ್ನು ಎಣಿಸುತ್ತದೆ. ಕೇಳಿದ್ದನ್ನು ಬಿಟ್ಟು ಬೇರೊಂದನ್ನು ಹೇಳುವುದು ಅರ್ಥಾಂತರ. ತನ್ನ ಪಕ್ಷದ ದೋಷವನ್ನು ಪರಿಹರಿಸದೆ, ಆ ದೋಷ ನಿಮ್ಮಲ್ಲಿಯೂ ಉಂಟೆಂದು ತಿರುಗಿ ನುಡಿಯುವುದು ಮತಾನುಜ್ಞೆ. ಬೇರೆ ಕಾರ್ಯವಿದೆಯೆಂಬ ನೆಪದಿಂದ ಮಾತನ್ನು ಕಡಿದು ಏಳುವುದು ವಿಕ್ಷೇಪ. ವಿಶ್ವವಿದ್ಯಾನಿಲಯದಲ್ಲಿ ಪಿಎಚ್.ಡಿ. ಪ್ರಬಂಧದ ಮೌಖಿಕ ಪರೀಕ್ಷೆಯನ್ನು ಕಂಡವರಿಗೆ ಈ ಪಟ್ಟಿಯಲ್ಲಿ ಅಪರಿಚಿತವಾದದ್ದು ಬಹಳವಿಲ್ಲ. ವಿಕ್ಷೇಪವನ್ನು ಮಾತ್ರ ಅಭ್ಯರ್ಥಿಗಿಂತ ಮಾರ್ಗದರ್ಶಕರೇ ಹೆಚ್ಚಾಗಿ ಆಶ್ರಯಿಸುವರೆಂದು ತೋರುತ್ತದೆ. ಆದರೆ ಆ ಪಟ್ಟಿಯ ಒಂದು ಸ್ಥಾನವು ನನ್ನನ್ನು ಬಹುಕಾಲ ಚಿಂತೆಗೆ ಹಚ್ಚಿದೆ. ತಾನು ಮೊದಲು ಹೂಡಿದ ಪ್ರತಿಜ್ಞೆಯನ್ನು ಎದುರಾಳಿಯು ಖಂಡಿಸಿದಾಗ, ಅದಕ್ಕೆ ವಿಶೇಷಣವೊಂದನ್ನು ಸೇರಿಸಿ ಮತ್ತೊಂದು ಪ್ರತಿಜ್ಞೆಯನ್ನು ಮುಂದಿಡುವುದು ಪ್ರತಿಜ್ಞಾಂತರವೆನಿಸುತ್ತದೆ, ಅದೂ ಸೋಲೇ. ಹಾಗಾದರೆ ಪರೀಕ್ಷಕರ ಮುಂದೆ ಕುಳಿತು, ತನ್ನ ಹೇಳಿಕೆಯನ್ನು ಇಷ್ಟಕ್ಕೇ ಸೀಮಿತಗೊಳಿಸುತ್ತೇನೆಂದು ಶಾಂತವಾಗಿ ನುಡಿಯುವ ಅಭ್ಯರ್ಥಿಯನ್ನು ಪ್ರಾಮಾಣಿಕನೆನ್ನಬೇಕೆ, ಸೋತವನೆನ್ನಬೇಕೆ?

ಉತ್ತರವನ್ನು ಒಂದು ಕಲ್ಪಿತ ನಿದರ್ಶನದಲ್ಲಿ ಅರಸುವುದು ಲೇಸು. ಹೊಯ್ಸಳರ ಆಳಿಕೆಗೆ ಸೇರಿದ್ದ ಒಂದು ಸೀಮೆಯ ವೀರಗಲ್ಲುಗಳನ್ನು ಕುರಿತು ಒಬ್ಬನು ಪ್ರಬಂಧ ಬರೆದಿದ್ದಾನೆಂದು ಭಾವಿಸೋಣ. ದನಗಳನ್ನು ಹಿಡಿದೊಯ್ಯುವ ತುರುಗೋಳಿನಲ್ಲಿ ಹೋರಾಡಿ ಮಡಿದವರ ಕಲ್ಲುಗಳು ಕಾಲಕ್ರಮದಲ್ಲಿ ವಿರಳವಾದುವು. ಆದ್ದರಿಂದ ಹೊಯ್ಸಳ ರಾಜ್ಯವು ಬಲಿತಂತೆ ತುರುಗೋಳುಗಳೇ ಕಡಿಮೆಯಾದುವು. ಇದು ಅವನ ಪ್ರತಿಜ್ಞೆ. ಅವನ ಆಧಾರ, ರೈಸರು 1886ರಿಂದ ಸಂಪುಟ ಸಂಪುಟವಾಗಿ ಪ್ರಕಟಿಸತೊಡಗಿದ 'ಎಪಿಗ್ರಾಫಿಯ ಕರ್ನಾಟಿಕ'ವೂ ಅದರ ಪರಿಷ್ಕೃತ ಆವೃತ್ತಿಯೂ. ಅಲ್ಲಿಂದ ಅವನು ಎತ್ತಿಕೊಂಡ ಲೆಕ್ಕ ಹೀಗಿದೆಯೆನ್ನೋಣ: 9 ಮತ್ತು 10ನೆಯ ಶತಮಾನಗಳ 60 ಶಾಸನಗಳಲ್ಲಿ 24 ತುರುಗೋಳಿಗೆ ಸಂಬಂಧಿಸಿದವು, 12 ಮತ್ತು 13ನೆಯ ಶತಮಾನಗಳ 90ರಲ್ಲಿ 12 ಮಾತ್ರ. ಐದರಲ್ಲಿ ಎರಡು ಪಾಲಿದ್ದದ್ದು ಏಳೆಂಟರಲ್ಲಿ ಒಂದು ಪಾಲಿಗೆ ಇಳಿದಿದೆ.

ಪರೀಕ್ಷಕರ ಮೊದಲ ಪ್ರಶ್ನೆ ಗೃಹೀತವನ್ನು ಕುರಿತದ್ದು. ಆ ಸಂಪುಟಗಳು ಶಾಸನಗಳ ಸಂಗ್ರಹ. ಅಕ್ಷರವಿಲ್ಲದ ವೀರಗಲ್ಲುಗಳು, ಹೊಲದ ಬದುವಿನಲ್ಲಿಯೂ ಕೆರೆಯ ಏರಿಯ ಮೇಲೆಯೂ ಎಷ್ಟೇ ನಿಂತಿರಲಿ, ಅವುಗಳಲ್ಲಿ ಸೇರವು. ಕೆಳಗಿನ ಪಟ್ಟಿಕೆಯಲ್ಲಿ ದನಗಳನ್ನು ಕೆತ್ತಿದ್ದರೆ ತುರುಗೋಳಿನ ಕಲ್ಲೆಂದು ಗುರುತಿಸಬಹುದೇ ಹೊರತು, ಶಿಲ್ಪದ ರೀತಿಯೊಂದರಿಂದಲೇ ಅದರ ಕಾಲವನ್ನು ಶತಮಾನದ ಮಟ್ಟಿಗೆ ನಿಷ್ಕರ್ಷಿಸುವುದು ದುಸ್ತರ. ಈ ಪ್ರಶ್ನೆಗೆ ಅಧೀರನಾದವನು ತಾನು ಊರೂರು ಸುತ್ತಿದ ಶ್ರಮವನ್ನು ವರ್ಣಿಸತೊಡಗುತ್ತಾನೆ, ಅದು ಅರ್ಥಾಂತರ. ಸರಿಯಾದ ಉತ್ತರ ಎರಡು ವಾಕ್ಯಗಳಷ್ಟೇ: ನನ್ನ ಎಣಿಕೆ ಬರಹವುಳ್ಳ ಕಲ್ಲುಗಳದು, ಬರಹ ಕೆತ್ತಿಸುವ ರೂಢಿಯೇ ಎರಡು ಕಾಲಗಳಲ್ಲಿ ಭಿನ್ನವಾಗಿದ್ದಿದ್ದರೆ ನನ್ನ ಹೋಲಿಕೆ ಕೆಡುತ್ತದೆ.

ಎರಡನೆಯ ಪ್ರಶ್ನೆ ವಿಧಾನಕ್ಕೆ ಸೇರಿದ್ದು, ಇನ್ನೂ ಹರಿತವಾದದ್ದು. ಶಕವರ್ಷವನ್ನು ಹೇಳದ ಶಾಸನಗಳ ಕಾಲವನ್ನು ಹೇಗೆ ನಿರ್ಣಯಿಸಿದಿರಿ? ಲಿಪಿಯಿಂದ, ಎನ್ನುತ್ತಾನೆ ಅಭ್ಯರ್ಥಿ. ಖ, ಜ, ಬ, ಲ ಮೊದಲಾದ ಅಕ್ಷರಗಳ ಹಳೆಯ ಮತ್ತು ಹೊಸ ರೂಪಗಳನ್ನು ಒರೆಗಲ್ಲಾಗಿ ಹಿಡಿಯುವ ಕ್ರಮವನ್ನು ಫ್ಲೀಟರು ಬಳಕೆಗೆ ತಂದದ್ದು ವಿದ್ವಾಂಸರಿಗೆ ತಿಳಿದದ್ದೇ. ಆದರೆ ಅರಮನೆಯ ತಾಮ್ರಪಟವನ್ನು ಕೊರೆದವನ ಕೈಯೂ ಹಳ್ಳಿಯ ಕಲ್ಲುಕುಟಿಗನ ಕೈಯೂ ಒಂದೇ ವೇಗದಲ್ಲಿ ಬದಲಾಗುವುದಿಲ್ಲ. ಹಳ್ಳಿಯವನು ತಂದೆಯಿಂದ ಕಲಿತ ರೂಪವನ್ನೇ ಒಂದೆರಡು ತಲೆಮಾರು ಮುಂದುವರಿಸಿದನೆಂದರೆ ಅವನ ಕಲ್ಲು ವಾಸ್ತವಕ್ಕಿಂತ ಹಳೆಯದಾಗಿ ಕಾಣುತ್ತದೆ. ವೀರಗಲ್ಲುಗಳಾದರೋ ಬಹುಮಟ್ಟಿಗೆ ಹಳ್ಳಿಗರವೇ. ಎಂದಮೇಲೆ ಇಲ್ಲಿಯ ದೋಷವು ಎರಡೂ ಕಡೆಗೆ ಸಮನಾಗಿ ಹಂಚಿಹೋಗುವಂಥದಲ್ಲ, ಕಲ್ಲುಗಳನ್ನು ಹಿಂದಿನ ಶತಮಾನಗಳತ್ತಲೇ ತಳ್ಳಿ ಅಭ್ಯರ್ಥಿಯ ಸಿದ್ಧಾಂತಕ್ಕೆ ಅನುಕೂಲವಾಗುವಂಥದು. ತನ್ನ ವಿಧಾನದ ದೋಷ ತನ್ನ ಪಕ್ಷದತ್ತಲೇ ವಾಲುತ್ತಿದೆಯೆಂಬುದು ಪ್ರಶ್ನೆಯಾಗಿ ಬರುವ ಮುನ್ನವೇ ಅವನಿಗೆ ತಿಳಿದಿರಬೇಕಾಗಿತ್ತು.

ಇದಕ್ಕೆ ಮಾತಿನ ಸಮಾಧಾನ ಸಲ್ಲದು, ಲೆಕ್ಕದ ಸಮಾಧಾನವೇ ಬೇಕು. ಲಿಪಿಯಿಂದಷ್ಟೇ ಕಾಲ ಗೊತ್ತಾದ ಶಾಸನಗಳನ್ನು ತೆಗೆದುಹಾಕಿ ಮತ್ತೆ ಎಣಿಸಬೇಕು. ಮೊದಲ ಗುಂಪಿನಲ್ಲಿ ಅಂಥವು 25, ಅವುಗಳಲ್ಲಿ ತುರುಗೋಳಿನವು 14. ಎರಡನೆಯದರಲ್ಲಿ 10, ತುರುಗೋಳಿನವು 2 ಎಂದಿಟ್ಟುಕೊಳ್ಳೋಣ. ಉಳಿದದ್ದು 35ರಲ್ಲಿ 10, ಮತ್ತು 80ರಲ್ಲಿ 10. ಏಳರಲ್ಲಿ ಎರಡು ಪಾಲು ಎಂಟರಲ್ಲಿ ಒಂದಕ್ಕೆ ಇಳಿಯಿತು. ಇಳಿತ ಮೊದಲಿನಷ್ಟು ಕಡಿದಾಗಿಲ್ಲವಾದರೂ ಉಳಿಯಿತು, ಎಂದು ಅಭ್ಯರ್ಥಿ ಉಸಿರು ಬಿಡುವಷ್ಟರಲ್ಲಿ, ಇದುವರೆಗೆ ಸುಮ್ಮನಿದ್ದ ಇನ್ನೊಬ್ಬ ಪರೀಕ್ಷಕರು ಕೇಳುತ್ತಾರೆ: ಅಲ್ಲಯ್ಯಾ, ತುರುಗೋಳಿನ ಕಲ್ಲುಗಳು ಆಗಲೂ ಹತ್ತು, ಈಗಲೂ ಹತ್ತು. ಹೆಚ್ಚಿದ್ದು ದೇವಾಲಯಗಳ ದಾನಶಾಸನವಲ್ಲವೆ?

ಅಹುದು, ಅದೇ. ಛೇದ ಬೆಳೆದಿದೆ, ಅಂಶ ನಿಂತಲ್ಲಿಯೇ ನಿಂತಿದೆ. ಇಲ್ಲಿ ಅಭ್ಯರ್ಥಿಯು ಎರಡು ಹೇಳಿಕೆಗಳನ್ನು ಬೇರ್ಪಡಿಸಬೇಕಾಗುತ್ತದೆ. ಶಾಸನಗಳ ವಿಷಯದಲ್ಲಿ ತುರುಗೋಳಿನ ಪಾಲು ತಗ್ಗಿತೆಂಬುದು ಒಂದು. ತುರುಗೋಳುಗಳೇ ತಗ್ಗಿದುವೆಂಬುದು ಮತ್ತೊಂದು. ಮೊದಲನೆಯದನ್ನು ಅವನ ಕೋಷ್ಟಕ ಇನ್ನೂ ಹೊರಬಲ್ಲುದು, ಎರಡನೆಯದನ್ನು ಹೊರಲಾರದು. ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಹಿಡಿಯುವುದು ಪ್ರತಿಜ್ಞಾಂತರವೆ?

ನೈಯಾಯಿಕರೇ ಇದಕ್ಕೆ ದಾರಿಯನ್ನು ತೆರೆದಿಟ್ಟಿದ್ದಾರೆ. ಜಯಕ್ಕಾಗಿ ಮಾಡುವ ಜಲ್ಪದಲ್ಲಿ ಎಲ್ಲ ನಿಗ್ರಹಸ್ಥಾನಗಳನ್ನೂ ಎತ್ತಬಹುದು. ತತ್ತ್ವನಿರ್ಣಯಕ್ಕಾಗಿ ಮಾಡುವ ವಾದದಲ್ಲಿಯಾದರೋ ಹೇತ್ವಾಭಾಸ, ನ್ಯೂನ, ಅಧಿಕ, ಅಪಸಿದ್ಧಾಂತಗಳಂಥ ಕೆಲವನ್ನು ಮಾತ್ರ ಎತ್ತತಕ್ಕದ್ದೆಂದು ವ್ಯಾಖ್ಯಾತೃಗಳ ಮತ. ಮೌಖಿಕ ಪರೀಕ್ಷೆಯನ್ನು ವಾದವೆಂದು ಒಪ್ಪುವುದಾದರೆ ಪ್ರತಿಜ್ಞೆಯನ್ನು ಕಿರಿದುಗೊಳಿಸಿದ್ದೇ ಅಪರಾಧವಾಗದು. ಹಾಗೆಂದು ಎಲ್ಲ ಸಂಕೋಚವೂ ನಿರ್ದೋಷವೆಂದು ನಾನು ಹೇಳಲಾರೆ. ಕಿರಿದಾದ ಹೇಳಿಕೆಯು ಅಭ್ಯರ್ಥಿಯ ಸಾಮಗ್ರಿಯಲ್ಲಿ ಮೊದಲೇ ಸಿದ್ಧವಾಗಿತ್ತೆ, ಇಲ್ಲವೆ ಆ ಕ್ಷಣದಲ್ಲಿ ಹೆಣೆದದ್ದೆ ಎಂಬುದನ್ನು ನೋಡಬೇಕು. ಆ ಹೇಳಿಕೆಯೂ ಸುಳ್ಳಾಗಬಲ್ಲ ಸಂದರ್ಭವೊಂದನ್ನು ಅವನು ತೋರಿಸಬಲ್ಲನೆ ಎಂಬುದನ್ನೂ ನೋಡಬೇಕು. ಇವೆರಡಕ್ಕಿಂತ ಕಠಿನವಾದ ಮೂರನೆಯದೊಂದುಂಟು: ಬಿಟ್ಟ ಹೇಳಿಕೆಯ ಮೇಲೆ ನಿಂತಿದ್ದ ಅಧ್ಯಾಯಗಳನ್ನೂ ಅವನು ಬಿಡುತ್ತಾನೆಯೆ? ಹೊಯ್ಸಳರ ಕಾಲದಲ್ಲಿ ಗ್ರಾಮಗಳಿಗೆ ಶಾಂತಿ ಲಭಿಸಿತೆಂದು ಬರೆದ ಅಧ್ಯಾಯವನ್ನು ಹಾಗೆಯೇ ಉಳಿಸಿಕೊಂಡು, ನಾನು ಪಾಲಿನ ಮಾತನ್ನಷ್ಟೇ ಆಡಿದೆನೆನ್ನುವವನು ನಿಸ್ಸಂದೇಹವಾಗಿ ನಿಗ್ರಹಸ್ಥಾನದಲ್ಲಿದ್ದಾನೆ, ಅವನ ಧ್ವನಿ ಎಷ್ಟೇ ಶಾಂತವಾಗಿರಲಿ.

ಉತ್ತರಿಸುವಾಗಿನ ಶಾಂತಿಯನ್ನು ಸಾಮಾನ್ಯವಾಗಿ ಸ್ವಭಾವಗುಣವೆಂದು ಎಣಿಸುತ್ತಾರೆ. ಅದು ಬಹುಮಟ್ಟಿಗೆ ತಿಳಿವಳಿಕೆಯ ಫಲವೆಂದು ನನ್ನ ಎಣಿಕೆ. ಯಾವ ಗೃಹೀತ ಮುರಿದರೆ ಯಾವ ಅಧ್ಯಾಯ ಬೀಳುತ್ತದೆ, ಯಾವುದು ನಿಲ್ಲುತ್ತದೆ ಎಂಬುದನ್ನು ಮನೆಯಲ್ಲಿಯೇ ಎಣಿಸಿ ಬಂದವನಿಗೆ ಒಂದು ಪ್ರಶ್ನೆಯು ಒಂದು ಪ್ರಶ್ನೆಯಷ್ಟೇ. ಎಣಿಸದವನಿಗೆ ಪ್ರತಿಯೊಂದು ಪ್ರಶ್ನೆಯೂ ಇಡೀ ಪ್ರಬಂಧದ ಮೇಲಿನ ದಾಳಿ, ಆದ್ದರಿಂದಲೇ ಅವನು ಸಣ್ಣ ತಿದ್ದುಪಡಿಯನ್ನೂ ಪ್ರಾಣಪಣವಾಗಿ ತಡೆಯುತ್ತಾನೆ.

ಉತ್ತರವೇ ಇಲ್ಲದ ಪ್ರಶ್ನೆಯೂ ಬರುವುದುಂಟು. ತುರುಗೋಳಿನಲ್ಲಿ ಸತ್ತ ಪ್ರತಿಯೊಬ್ಬನಿಗೂ ಕಲ್ಲು ನಿಲ್ಲಿಸುತ್ತಿದ್ದರೆಂದು ಹೇಗೆ ಬಲ್ಲಿರಿ ಎಂದು ಕೇಳಿದರೆ ನಮ್ಮ ಅಭ್ಯರ್ಥಿಯ ಬಳಿ ಹೇಳಲು ಏನೂ ಇಲ್ಲ. ಆಗ ಅವನು, ಬಲ್ಲೆನೆಂದು ಹೇಳಲಾರೆ. ಸತ್ತವನ ಮನೆಯವರಿಗೆ ಬಿಟ್ಟ ಕಲ್ನಾಡಿನ ಉಲ್ಲೇಖಗಳನ್ನು ಬೇರೆ ಶಾಸನಗಳಿಂದ ಹೆಕ್ಕಿ, ಅವುಗಳಲ್ಲಿ ಎಷ್ಟಕ್ಕೆ ಕಲ್ಲು ಸಿಕ್ಕಿಲ್ಲವೆಂದು ನೋಡಿದರೆ ಅಲ್ಪಸ್ವಲ್ಪ ತಿಳಿಯಬಹುದು, ಆ ಕೆಲಸವನ್ನು ನಾನು ಮಾಡಿಲ್ಲ, ಎನ್ನಬಹುದು. ಪರೀಕ್ಷಕರು ಅದನ್ನು ಬರೆದುಕೊಂಡು ಮುಂದಿನ ಪುಟಕ್ಕೆ ಹೋಗುತ್ತಾರೆ.